ಅಪ್‌ಡೇಟ್: ಅಣ್ಣನ ಕಿಡ್ನಿಯ ಊತ ಇಳಿದಿದೆ

ನಾನು ಕೇಳಿದ್ದು: "ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಅಣ್ಣನಿಗೆ ಮೂತ್ರ ತೆಗೆಯಲು ದಿನಕ್ಕೆ ಮೂರು ಸಲ ಕ್ಯಾತಿಟರ್ ನಳಿಕೆ ಹಾಕುತ್ತೇವೆ. ನಡುವೆ ಮೂತ್ರ ಸೋರುತ್ತದೆ. ಅಷ್ಟು ಹೊರಗೆ ಹೋದರೆ ಒಳ್ಳೆಯದೇ ಅಲ್ಲವೇ?"

ಅಪ್‌ಡೇಟ್: ಅಲ್ಲ, ಆ ಸೋರಿಕೆಯೇ ಎಚ್ಚರಿಕೆಯಾಗಿತ್ತು. ಮೂತ್ರಕೋಶ ತುಂಬಿಸುತ್ತಾ ಒಳಗಿನ ಒತ್ತಡ ಅಳೆಯುವ ಯುರೋಡೈನಮಿಕ್ ಪರೀಕ್ಷೆಯಲ್ಲಿ 300 ಮಿಲಿ ತುಂಬುವಷ್ಟರಲ್ಲೇ ಮೂತ್ರಕೋಶದ ಒತ್ತಡ 60 ಸೆಂ.ಮೀ. ನೀರಿನ ಮಟ್ಟಕ್ಕೇರಿತು. 40 ದಾಟುತ್ತಿದ್ದರೆ ಕಿಡ್ನಿಗೆ ಅಪಾಯವಂತೆ. ಮೂತ್ರಕೋಶ ಹಿಂಡುವಾಗಲೇ ಅದರ ಬಾಯಿಯ ಸ್ನಾಯುವೂ ಬಿಗಿಯುತ್ತದೆ. ಸ್ವಲ್ಪ ಸೋರಿ, ಉಳಿದ ಒತ್ತಡ ಕಿಡ್ನಿಯತ್ತ ಹೋಗುತ್ತದೆ. ಸ್ಕ್ಯಾನಿನಲ್ಲಿ ಬಲ ಕಿಡ್ನಿ ಊದಿತ್ತು. ಅಣ್ಣನಿಗೆ ನೋವೇ ಗೊತ್ತಾಗಿರಲಿಲ್ಲ, ಅದನ್ನು ನೆನೆದರೆ ಈಗಲೂ ಭಯ.

ವೈದ್ಯರು ಮೂತ್ರಕೋಶದ ಹಿಂಡುವಿಕೆ ತಗ್ಗಿಸುವ ಆಕ್ಸಿಬ್ಯುಟಿನಿನ್ ಮಾತ್ರೆ ಕೊಟ್ಟು, ನಾಲ್ಕು ಗಂಟೆಗೊಮ್ಮೆ ಕ್ಯಾತಿಟರ್ ಹಾಕಲು ಹೇಳಿದರು. ಪ್ರತಿ ಸಲದ ಅಳತೆ ಬರೆದಿಡುತ್ತೇವೆ. 400 ಮಿಲಿ ದಾಟಿದರೆ ಮುಂದಿನದು ಬೇಗ. ಮೂರು ತಿಂಗಳ ಮೇಲೆ 400 ಮಿಲಿಗೂ ಒತ್ತಡ 25 ಅಷ್ಟೇ. ಊತ ಇಳಿದಿದೆ. ಮಾತ್ರೆಯಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯೂ ಇದೆ.