ಅಪ್‌ಡೇಟ್: ಕನ್ನಡ ಚಾಟ್‌ಗಳು ಈಗ ಸರಿಯಾದ ಕ್ಯೂಗೆ ಹೋಗುತ್ತಿವೆ

ನನ್ನ ಪ್ರಶ್ನೆ: ಕನ್ನಡದಲ್ಲಿ ಬರೆಯುವವರ ಚಾಟ್ ಇಂಗ್ಲಿಷ್ ಕ್ಯೂಗೇ ಹೋಗುತ್ತಿದೆ, ಕನ್ನಡದ ಏಜೆಂಟ್‌ಗಳು ಸುಮ್ನೆ ಕೂತಿದ್ದಾರೆ. ಯಾಕೆ?

ಕ್ಯೂ ಮಿತಿ ಇಳಿಸಿ ಎಂಬ ಸಲಹೆಯಿಂದ ಏನೂ ಬದಲಾಗಲಿಲ್ಲ. `Accept-Language` ನೋಡಿ ಎಂದವರಿಗೆ ಥ್ಯಾಂಕ್ಸ್, ತೊಂದರೆ ಅಲ್ಲೇ ಇತ್ತು. ನಮ್ಮ ರೂಟಿಂಗ್ ಬ್ರೌಸರ್ ಕಳಿಸುವ ಆ ಹೆಡರ್ ನೋಡಿ ಭಾಷೆ ಆರಿಸುತ್ತಿತ್ತು. ಲಾಗ್ ತೆಗೆದರೆ, ಪೂರ್ತಿ ಕನ್ನಡದಲ್ಲಿ ಬರೆದವರದ್ದೂ `en-US`! ಫೋನ್ ಇಂಗ್ಲಿಷ್‌ನಲ್ಲಿದ್ದರೆ ಹಾಗೇ ಬರುತ್ತದೆ, ಅಲ್ವಾ. ಈಗ ಚಾಟ್ ಶುರುವಾಗುವ ಮುಂಚೆಯೇ ಭಾಷೆ ಕೇಳುತ್ತೇವೆ.

ಆದರೆ ಬಿಲ್ಲಿಂಗ್ ಗೊತ್ತಿರುವ ಕನ್ನಡ ಏಜೆಂಟ್ ಒಬ್ಬರೇ. ಅವರ ಕ್ಯೂ ಬೆಳೆಯತೊಡಗಿತು. ಹಾಗಾಗಿ 60 ಸೆಕೆಂಡ್ ಕಾದ ಮೇಲೆ ಬಿಲ್ಲಿಂಗ್ ಗೊತ್ತಿರಬೇಕು ಎಂಬ ಸ್ಕಿಲ್ ಷರತ್ತು ಸಡಿಲಾಗುತ್ತದೆ, ಭಾಷೆಯದ್ದು ಮಾತ್ರ ಹಾಗೇ ಉಳಿಯುತ್ತದೆ. ಬೇರೆ ಕನ್ನಡ ಏಜೆಂಟ್ ವಿವರ ಕೇಳಿಟ್ಟುಕೊಂಡು, ಬಿಲ್ಲಿಂಗ್‌ನವರು ಬಿಡುವಾದಾಗ ಚಾಟ್ ವರ್ಗಾಯಿಸುತ್ತಾರೆ.