ಮೂತ್ರದಲ್ಲಿ ಆಸಿಡ್ ಹೋಗುತ್ತಿದೆ, ಆದರೂ ರಕ್ತದಲ್ಲಿ ಯಾಕೆ ಉಳಿದಿದೆ?

ಪ್ರಶ್ನೆ, ಮುಧೋಳದಿಂದ:
ನಮ್ಮ ತಂದೆಗೆ 64 ವರ್ಷ, ತೂಕ 60 ಕೆ.ಜಿ. ಶುಗರ್ ಬಹಳ ವರ್ಷದಿಂದ ಇದೆ. ಕ್ರಿಯಾಟಿನಿನ್ 3.4. ಉಸಿರು ಜೋರಾಗಿ ಬರುತ್ತಿದೆ ಅಂತ ಹೋದ ವಾರ ತೋರಿಸಿದೆವು. ಎಬಿಜಿ ಅನ್ನುವ ರಕ್ತಪರೀಕ್ಷೆಯಲ್ಲಿ ಪಿಹೆಚ್ 7.32, ಕಾರ್ಬನ್ ಡೈಆಕ್ಸೈಡ್ 32, ಬೈಕಾರ್ಬನೇಟ್ 16. ಸೋಡಿಯಂ 138, ಕ್ಲೋರೈಡ್ 110, ಪೊಟ್ಯಾಶಿಯಂ 5.7. ಕಿಡ್ನಿ ಆಸಿಡ್ ಹೊರಗೆ ಹಾಕುತ್ತಿಲ್ಲ ಅಂದರು. ಆದರೆ ಮೂತ್ರದ ಪಿಹೆಚ್ 5.5 ಬಂದಿದೆ, ಅಂದರೆ ಆಸಿಡ್ ಹೋಗುತ್ತಿದೆ ಅಲ್ವಾ? ಸೋಡಿಯಂ ಬೈಕಾರ್ಬನೇಟ್ 500 ಮಿ.ಗ್ರಾಂ ಮಾತ್ರೆ ದಿನಕ್ಕೆ ಮೂರು ಬರೆದಿದ್ದಾರೆ. ಅದು ಬೇಕೇ ಬೇಕಾ?

ಜಮಖಂಡಿಯ ಸದಸ್ಯರು:
ನನಗೂ ಆಸಿಡಿಟಿ ಜಾಸ್ತಿ ಇತ್ತು ರೀ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ತಗೊಂಡು, ಖಾರ ಬಿಟ್ಟ ಮೇಲೆ ಹದಿನೈದು ದಿನದಲ್ಲಿ ಸರಿಹೋಯಿತು. ತಂದೆಯವರಿಗೆ ಮಜ್ಜಿಗೆ ಕೊಡಿ.

ಬಾಗಲಕೋಟೆಯ ಔಷಧಿ ಅಂಗಡಿಯವರು:
ಅಣ್ಣಾರ, ಇದು ಹೊಟ್ಟೆಯ ಆಸಿಡಿಟಿ ಅಲ್ಲ, ರಕ್ತದ್ದು. ಮುಧೋಳದವರಿಗೆ ಹೇಳುವುದಾದರೆ, ಮೂತ್ರ 5.5 ಅಂದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ. ಕಾರ್ಬನ್ ಡೈಆಕ್ಸೈಡ್ 40 ಇರಬೇಕಾದದ್ದು 32ಕ್ಕೆ ಇಳಿದಿದೆ, ಹಾಗಾಗಿ ತೊಂದರೆ ಇರುವುದು ಉಸಿರಾಟದಲ್ಲಿ. ಎದೆಯ ಡಾಕ್ಟರಿಗೆ ತೋರಿಸಿ. ಮಾತ್ರೆಯಲ್ಲಿ ಇರುವುದು ಅಡುಗೆ ಸೋಡಾನೇ, ಬೇಕಾದರೆ ಮನೆಯಲ್ಲೇ ಒಂದು ಚಮಚ ನೀರಿಗೆ ಹಾಕಿ ಕುಡಿಸಬಹುದು.

ಬೆಳಗಾವಿಯ ಕಿಡ್ನಿ ಡಾಕ್ಟರ್:
ಮೂತ್ರದ ಪಿಹೆಚ್ ನೋಡಿ ಎಷ್ಟು ಆಸಿಡ್ ಹೋಗಿದೆ ಅಂತ ಹೇಳಲು ಆಗುವುದಿಲ್ಲ. ಎಲ್ಲ ಗೊಂದಲ ಇರುವುದು ಇಲ್ಲೇ.

60 ಕೆ.ಜಿ. ತೂಕದವರಲ್ಲಿ ಊಟದಿಂದ ದಿನಕ್ಕೆ ಸುಮಾರು 60 ಮಿಲಿಮೋಲ್ ಆಸಿಡ್ ಹುಟ್ಟುತ್ತದೆ. ಮುಖ್ಯವಾಗಿ ಪ್ರೋಟೀನ್ ಒಡೆದಾಗ ಬರುವ ಸಲ್ಫ್ಯೂರಿಕ್ ಆಸಿಡ್. ಇದು ಉಸಿರಿನಲ್ಲಿ ಹೋಗುವಂಥದ್ದಲ್ಲ, ಕಿಡ್ನಿಯೇ ಹೊರಹಾಕಬೇಕು. ಮೂತ್ರದ ಪಿಹೆಚ್ ಎಷ್ಟು ಕೆಳಗಿಳಿದರೂ 4.5ರ ಹತ್ತಿರ ನಿಲ್ಲುತ್ತದೆ. ಆ ಮಟ್ಟದಲ್ಲೂ ಒಂದು ಲೀಟರಿನಲ್ಲಿ ಬಿಡಿಯಾಗಿ ಇರುವ ಹೈಡ್ರೋಜನ್ ಅಯಾನು ಬರೀ 0.03 ಮಿಲಿಮೋಲ್. ಲೆಕ್ಕ ಹಾಕಿ ನೋಡಿ: 60 ಮಿಲಿಮೋಲ್ ಹೀಗೆ ಬಿಡಿಯಾಗಿ ಹೋಗಬೇಕಾದರೆ ದಿನಕ್ಕೆ 2000 ಲೀಟರ್ ಮೂತ್ರ ಬೇಕು!

ಹಾಗಾದರೆ ಆಸಿಡ್ ಹೋಗುವುದು ಹೇಗೆ? ನಿಮ್ಮ ಕಡೆಯ ಕಬ್ಬಿನ ಹಾಗೆ. ಕಾರ್ಖಾನೆಗೆ ಎಷ್ಟು ಕಬ್ಬು ಹೋಯಿತು ಅನ್ನುವುದು ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ನಿಂತಿದೆ. ಹೊಲದಲ್ಲಿ ಬಿದ್ದಿರುವ ನಾಲ್ಕು ಜಲ್ಲೆ ಎಣಿಸಿದರೆ ಅದು ಗೊತ್ತಾಗದು. ಮೂತ್ರದ ಪಿಹೆಚ್ ಎಣಿಸುವುದು ಆ ಬಿದ್ದ ಜಲ್ಲೆಗಳನ್ನು ಮಾತ್ರ. ಟ್ರಾಲಿಗಳು ಎರಡು ಬಗೆ, ಫಾಸ್ಫೇಟ್ ಮತ್ತು ಅಮೋನಿಯಾ. ಫಾಸ್ಫೇಟ್ ಊಟದಿಂದ ಬಂದಷ್ಟೇ ಸಿಗುತ್ತದೆ, ಬೇಕು ಅಂದಾಗ ಹೆಚ್ಚಿಸಲು ಆಗುವುದಿಲ್ಲ. ಅಮೋನಿಯಾವನ್ನು ಕಿಡ್ನಿ ತಾನೇ ಮಾಡಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ 30-40 ಮಿಲಿಮೋಲ್ ಅಮೋನಿಯಂ ಹೋಗುತ್ತದೆ. ರಕ್ತದಲ್ಲಿ ಆಸಿಡ್ ಜಾಸ್ತಿಯಾಗಿ ಕೆಲವು ದಿನ ಹಾಗೇ ಇದ್ದರೆ, ಒಳ್ಳೆಯ ಕಿಡ್ನಿ ಅದನ್ನು 200 ದಾಟಿಸಬಲ್ಲದು.

ತಂದೆಯವರ ಕಿಡ್ನಿಯಲ್ಲಿ ನೆಫ್ರಾನ್‌ಗಳು, ಅಂದರೆ ರಕ್ತ ಸೋಸಿ ಮೂತ್ರ ಮಾಡುವ ಸಣ್ಣ ಘಟಕಗಳು, ಕಡಿಮೆಯಾಗಿವೆ. ಉಳಿದ ಒಂದೊಂದೂ ಮಾಮೂಲಿಗಿಂತ ಜಾಸ್ತಿ ಅಮೋನಿಯಾ ಮಾಡುತ್ತಿದೆ, ಆದರೆ ಒಟ್ಟು ಸಾಲುವುದಿಲ್ಲ. ಹೈಡ್ರೋಜನ್ ಹೊರಗೆ ತಳ್ಳುವ ಪಂಪುಗಳು ಇನ್ನೂ ಕೆಲಸ ಮಾಡುತ್ತಿವೆ. ಹಿಡಿದುಕೊಳ್ಳುವ ಅಮೋನಿಯಾ ಕಡಿಮೆ ಇದ್ದಾಗ ಸ್ವಲ್ಪ ಹೈಡ್ರೋಜನ್ ಬಂದರೂ ಪಿಹೆಚ್ ಸರ್ರನೆ ಇಳಿಯುತ್ತದೆ. ಅಂದರೆ ನಿಮ್ಮ 5.5, ಕಿಡ್ನಿ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. 60 ಹುಟ್ಟಿ 45 ಮಾತ್ರ ಹೋಯಿತು ಅಂದುಕೊಳ್ಳಿ, ದಿನಾ 15 ಒಳಗೇ ಉಳಿಯಿತು. ಅದರಲ್ಲಿ ಒಂದಿಷ್ಟನ್ನು ಮೂಳೆ ತಡೆದುಕೊಳ್ಳುತ್ತದೆ, ತನ್ನ ಕ್ಯಾಲ್ಸಿಯಂ ಕಳೆದುಕೊಂಡು. ಸ್ನಾಯುವೂ ಕರಗುತ್ತದೆ. ಅದಕ್ಕೇ ಆಸಿಡನ್ನು ತಟಸ್ಥ ಮಾಡುವ ಬೈಕಾರ್ಬನೇಟ್ 16ಕ್ಕೆ ಇಳಿದರೂ ದಿನದಿನಕ್ಕೂ ಪಾತಾಳಕ್ಕೆ ಹೋಗುತ್ತಿಲ್ಲ.

ಔಷಧಿ ಅಂಗಡಿಯವರೇ, ಕಾರ್ಬನ್ ಡೈಆಕ್ಸೈಡ್ ಇಳಿದಿರುವುದು ನಿಜ. ಆದರೆ ಅದು ರೋಗ ಅಲ್ಲ, ಶ್ವಾಸಕೋಶ ಕೊಡುತ್ತಿರುವ ಆಸರೆ. ಬೈಕಾರ್ಬನೇಟ್ 16 ಇದ್ದಾಗ ಕಾರ್ಬನ್ ಡೈಆಕ್ಸೈಡ್ ಎಷ್ಟಿರಬೇಕು ಅಂತ ನೋಡಲು ಒಂದು ಲೆಕ್ಕ ಇದೆ: 1.5 × 16 + 8 = 32. ಎರಡು ಆಚೆ ಈಚೆ ಇರಬಹುದು. ಇವರದ್ದು ಸರಿಯಾಗಿ 32. ಒಂದು ವೇಳೆ 40 ಇದ್ದಿದ್ದರೆ ನಾನು ಗಾಬರಿ ಆಗುತ್ತಿದ್ದೆ, ಉಸಿರಾಟ ದಣಿಯುತ್ತಿದೆ ಅಂತ ಅರ್ಥ. ಜೋರು ಉಸಿರನ್ನು ನಿಲ್ಲಿಸಲು ಹೋಗಬೇಡಿ. ಆದರೆ ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಊದಿದರೆ ಅದು ಬೇರೆ, ಕೂಡಲೇ ತೋರಿಸಿ.

ಸೋಡಿಯಂನಲ್ಲಿ ಕ್ಲೋರೈಡ್, ಬೈಕಾರ್ಬನೇಟ್ ಎರಡನ್ನೂ ಕಳೆದರೆ 12 ಉಳಿಯುತ್ತದೆ. ಶುಗರ್ ಇದ್ದವರಲ್ಲಿ ಇದು ನನಗೆ ಸಮಾಧಾನ ಕೊಡುವ ಅಂಕಿ. ಕೀಟೋನ್ ಅಥವಾ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದ್ದರೆ ಇದು ಮೇಲೆ ಹೋಗಿರುತ್ತಿತ್ತು.

ಮಾತ್ರೆ ಬೇಕು. ಒಂದು 500 ಮಿ.ಗ್ರಾಂ ಮಾತ್ರೆಯಲ್ಲಿ ಸುಮಾರು 6 ಮಿಲಿಮೋಲ್, ಮೂರಕ್ಕೆ 18. ದಿನದ ಕೊರತೆಗೆ ಹತ್ತಿರದ ಲೆಕ್ಕ. ಅಡುಗೆ ಸೋಡಾ ಅದೇ ವಸ್ತು ಅನ್ನುವುದು ಸರಿ. ಆದರೆ ಒಂದು ತುಂಬು ಟೀ ಚಮಚ ಅಂದರೆ ಹತ್ತು ಮಾತ್ರೆಯ ಹತ್ತಿರ! ಅಷ್ಟು ಸೋಡಿಯಂ ಒಂದೇ ಸಲ ಈ ಕಿಡ್ನಿಗೆ ಬೇಡ. ದಯವಿಟ್ಟು ಹಾಗೆ ಮಾಡಬೇಡಿ.

ವಿಜಯಪುರದ ಸದಸ್ಯೆ:
ಮೇಡಂ, ನಮ್ಮ ಅತ್ತೆಯವರು ಒಲೆ ಹೊಗೆಯಲ್ಲೇ ಆಯುಷ್ಯ ಕಳೆದವರು, ಈಗ ದಮ್ಮು. ಅವರಿಗೆ ಬೈಕಾರ್ಬನೇಟ್ 32 ಇದೆ, ಕಾರ್ಬನ್ ಡೈಆಕ್ಸೈಡ್ 60, ಪಿಹೆಚ್ 7.35. ಬೈಕಾರ್ಬನೇಟ್ ಜಾಸ್ತಿ ಅಂತ ಕೆಂಪು ಗುರುತು ಹಾಕಿದ್ದಾರೆ. ಕಡಿಮೆ ಮಾಡಲು ಏನು ಕೊಡಬೇಕು?

ಬೆಳಗಾವಿಯ ಕಿಡ್ನಿ ಡಾಕ್ಟರ್:
ಅಕ್ಕಾರ, ಏನೂ ಕೊಡಬೇಡಿ. ಅದು ಅವರ ಕಿಡ್ನಿ ಮಾಡಿರುವ ಉಪಕಾರ. ಶ್ವಾಸಕೋಶದಲ್ಲಿ ಕಾರ್ಬನ್ ಡೈಆಕ್ಸೈಡ್ ಉಳಿದಾಗ ಕಿಡ್ನಿ ಅಮೋನಿಯಂ ಜಾಸ್ತಿ ಹೊರಹಾಕಿ ಹೊಸ ಬೈಕಾರ್ಬನೇಟ್ ರಕ್ತಕ್ಕೆ ಸೇರಿಸುತ್ತದೆ. ಕಾರ್ಬನ್ ಡೈಆಕ್ಸೈಡ್ 10 ಏರಿದರೆ ಬೈಕಾರ್ಬನೇಟ್ ಮೂರೂವರೆ-ನಾಲ್ಕು ಏರಬೇಕು. ಇವರದ್ದು 20 ಏರಿದೆ, ಅಂದರೆ 24ರಿಂದ 31-32. ತಾಳೆ ಆಯಿತು.

ಇದಕ್ಕೆ ಕಿಡ್ನಿಗೆ ಮೂರರಿಂದ ಐದು ದಿನ ಬೇಕು. ಇವತ್ತೇ 60ಕ್ಕೆ ಏರಿದ್ದರೆ ಬೈಕಾರ್ಬನೇಟ್ 26 ಆಸುಪಾಸು ಇರುತ್ತಿತ್ತು, ಪಿಹೆಚ್ ಬಹಳ ಬಿದ್ದಿರುತ್ತಿತ್ತು. 32 ನೋಡಿದ ಕೂಡಲೇ ಇದು ಹಳೆಯ ದಮ್ಮು ಅಂತ ಗೊತ್ತಾಗುತ್ತದೆ. ಮುಂದಿನ ಸಲ ಎಬಿಜಿ ಮಾಡಿಸಿದರೆ ಈ ರಿಪೋರ್ಟನ್ನು ತೆಗೆದುಕೊಂಡು ಹೋಗಿ.

ಎಂಬಿಬಿಎಸ್ ವಿದ್ಯಾರ್ಥಿನಿ:
ಮೇಡಂ, ಕಿಡ್ನಿ ಬೈಕಾರ್ಬನೇಟನ್ನು ವಾಪಸ್ ಎಳೆದುಕೊಳ್ಳುವುದೇ ಮುಖ್ಯ ಅಂತ ತಿಳಿದಿದ್ದೆ. ದಿನಕ್ಕೆ 4000ಕ್ಕಿಂತ ಜಾಸ್ತಿ ಮಿಲಿಮೋಲ್ ಸೋಸಿ ಬರುತ್ತದೆ, ಹೆಚ್ಚುಕಡಿಮೆ ಎಲ್ಲ ವಾಪಸ್. ಅದರ ಮುಂದೆ 40 ಅಮೋನಿಯಂ ಯಾವ ಲೆಕ್ಕ?

ಬೆಳಗಾವಿಯ ಕಿಡ್ನಿ ಡಾಕ್ಟರ್:
ವಾಪಸ್ ಎಳೆದುಕೊಂಡದ್ದು ಇದ್ದದ್ದನ್ನು ಉಳಿಸಿಕೊಂಡ ಹಾಗೆ, ಗಳಿಕೆ ಏನೂ ಇಲ್ಲಮ್ಮ. ಊಟದ ಆಸಿಡ್ ದಿನಾ 60 ಬೈಕಾರ್ಬನೇಟ್ ತಿಂದು ಹಾಕುತ್ತದೆ. ಅದನ್ನು ಹೊಸದಾಗಿ ಮಾಡಲೇಬೇಕು. ಕಿಡ್ನಿಯಲ್ಲಿ ಗ್ಲುಟಮಿನ್ ಅನ್ನುವ ಅಮೈನೋ ಆಸಿಡ್ ಒಂದು ಪೂರ್ತಿ ಒಡೆದರೆ ಎರಡು ಅಮೋನಿಯಂ, ಎರಡು ಬೈಕಾರ್ಬನೇಟ್ ಬರುತ್ತವೆ. ಬೈಕಾರ್ಬನೇಟ್ ರಕ್ತಕ್ಕೆ, ಅಮೋನಿಯಂ ಮೂತ್ರಕ್ಕೆ.

ಆ ಅಮೋನಿಯಂ ಮೂತ್ರಕ್ಕೆ ಹೋಗದೆ ರಕ್ತಕ್ಕೆ ಮರಳಿದರೆ ಲಿವರ್ ಅದನ್ನು ಯೂರಿಯಾ ಮಾಡುತ್ತದೆ. ಹಾಗೆ ಮಾಡುವಾಗ ಅಷ್ಟೇ ಬೈಕಾರ್ಬನೇಟ್ ಖರ್ಚಾಗುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಅದಕ್ಕೇ ಅಮೋನಿಯಾ ಎಷ್ಟು ತಯಾರಾಯಿತು ಅನ್ನುವುದಕ್ಕಿಂತ ಎಷ್ಟು ಹೊರಗೆ ಹೋಯಿತು ಅಂತ ಕೇಳಬೇಕು.

ಮುಧೋಳದವರು:
ಬಹಳ ಉಪಕಾರ ಆಯಿತು ಮೇಡಂ. ಪೊಟ್ಯಾಶಿಯಂ 5.7 ಇದಕ್ಕೆ ಸಂಬಂಧವಾ? ಬಿಪಿಗೆ ಟೆಲ್ಮಿಸಾರ್ಟನ್ ಇದೆ. ಬಿಪಿ ಅಂತ ಎರಡು ತಿಂಗಳಿಂದ ಕಡಿಮೆ ಸೋಡಿಯಂ ಉಪ್ಪು ತಂದಿದ್ದೇವೆ, ಬಿಸಿಲಿಗೆ ದಿನಾ ಒಂದು ಎಳನೀರು.

ಬೆಳಗಾವಿಯ ಕಿಡ್ನಿ ಡಾಕ್ಟರ್:
ಬಹಳ ಸಂಬಂಧ. ನೀವು ಇದನ್ನು ಹೇಳಿದ್ದು ಒಳ್ಳೆಯದಾಯಿತು. ಪೊಟ್ಯಾಶಿಯಂ ಜಾಸ್ತಿ ಆದಾಗ ಕಿಡ್ನಿಯ ಜೀವಕೋಶದ ಒಳಗೆ ಆಸಿಡ್ ಕಡಿಮೆಯಾಗುತ್ತದೆ. ರಕ್ತದಲ್ಲಿ ಎಷ್ಟೇ ಆಸಿಡ್ ಇರಲಿ, ಆ ಕೋಶಕ್ಕೆ ಅದರ ಸುಳಿವು ಸಿಗುವುದಿಲ್ಲ, ಅಮೋನಿಯಾ ಮಾಡುವುದನ್ನು ಇಳಿಸಿಬಿಡುತ್ತದೆ. ಶುಗರ್‌ನಿಂದ ಕಿಡ್ನಿ ಕೆಟ್ಟವರಲ್ಲಿ ಇದು ನಾವು ಮತ್ತೆ ಮತ್ತೆ ನೋಡುವ ಚಿತ್ರ.

ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣ ತಿರುಗಿಸಿ ಓದಿ. ಸಾಮಾನ್ಯವಾಗಿ ಸೋಡಿಯಂ ಬದಲು ಪೊಟ್ಯಾಶಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಕಿಡ್ನಿ ಚೆನ್ನಾಗಿದ್ದವರಿಗೆ ಒಳ್ಳೆಯದೇ, ತಂದೆಯವರಿಗೆ ಅಲ್ಲ. ಇವತ್ತೇ ನಿಲ್ಲಿಸಿ, ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ. ಎಳನೀರೂ ಬೇಡ. ಟೆಲ್ಮಿಸಾರ್ಟನ್ ಮಾತ್ರ ನೀವಾಗಿಯೇ ಬಿಡಬೇಡಿ, ನಿಮ್ಮ ಡಾಕ್ಟರಿಗೆ ಈ ಉಪ್ಪಿನ ವಿಷಯ ನಾಳೆಯೇ ತಿಳಿಸಿ. ಪೊಟ್ಯಾಶಿಯಂ ಎರಡು-ಮೂರು ದಿನದಲ್ಲಿ ಮತ್ತೆ ನೋಡಬೇಕು, ಇಸಿಜಿಯೂ ಬೇಕು. ಕೈಕಾಲು ಸೋತ ಹಾಗೆ, ಎದೆಬಡಿತ ತಪ್ಪಿದ ಹಾಗೆ ಅನ್ನಿಸಿದರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಂಬಿಬಿಎಸ್ ವಿದ್ಯಾರ್ಥಿನಿ:
ಅಮೋನಿಯಂ ಕಡಿಮೆ ಇದೆ ಅಂತ ನೇರವಾಗಿ ಅಳೆಯಬಹುದಾ? ಮೂತ್ರದ ಸೋಡಿಯಂ, ಪೊಟ್ಯಾಶಿಯಂ ಕೂಡಿಸಿ ಕ್ಲೋರೈಡ್ ಕಳೆಯುವ ಲೆಕ್ಕ ನಮಗೆ ಹೇಳಿಕೊಟ್ಟಿದ್ದಾರೆ.

ಬೆಳಗಾವಿಯ ಕಿಡ್ನಿ ಡಾಕ್ಟರ್:
ಮೂತ್ರದ ಅಮೋನಿಯಂ ಅಳೆಯುವುದು ನಮ್ಮ ಲ್ಯಾಬುಗಳಲ್ಲಿ ರೂಢಿಯಲ್ಲಿಲ್ಲ. ನೀನು ಹೇಳಿದ ಲೆಕ್ಕ ಸುಳಿವು ಕೊಡುತ್ತದೆ. ಅಮೋನಿಯಂ ಕ್ಲೋರೈಡ್ ಜೊತೆ ಹೋಗುತ್ತದೆ, ಹಾಗಾಗಿ ಆಸಿಡ್ ಜಾಸ್ತಿ ಇದ್ದಾಗ ಉತ್ತರ ಮೈನಸ್ ಬರಬೇಕು. ಸೋಡಿಯಂ 60, ಪೊಟ್ಯಾಶಿಯಂ 25, ಕ್ಲೋರೈಡ್ 65 ಬಂದರೆ ಪ್ಲಸ್ 20, ಅಮೋನಿಯಂ ಕಡಿಮೆ ಅಂತ ಅನುಮಾನ. ಆದರೆ ಕಿಡ್ನಿ ಇಷ್ಟು ಕುಗ್ಗಿದವರಲ್ಲಿ ನಾನು ಅದನ್ನು ಅಷ್ಟು ನಂಬುವುದಿಲ್ಲ. ಫಾಸ್ಫೇಟ್, ಸಲ್ಫೇಟ್ ಕೂಡ ಆ ಅಂಕಿಯನ್ನು ಅಲುಗಾಡಿಸುತ್ತವೆ.

ಬಾಗಲಕೋಟೆಯ ಔಷಧಿ ಅಂಗಡಿಯವರು:
ಚಮಚದ ಲೆಕ್ಕ ನನಗೆ ಹೊಳೆದಿರಲಿಲ್ಲ ಮೇಡಂ. ಆದರೆ ಈ ಮಾತ್ರೆಯಿಂದ ಪ್ರಯೋಜನ ಇಲ್ಲ ಅಂತಲೂ ಓದಿದ್ದೆ. ಯಾವುದು ನಿಜ?

ಬೆಳಗಾವಿಯ ಕಿಡ್ನಿ ಡಾಕ್ಟರ್:
ಎರಡೂ ಕಡೆ ಅಧ್ಯಯನಗಳಿವೆ. 2019ರಲ್ಲಿ ಇಟಲಿಯಿಂದ ಬಂದದ್ದರಲ್ಲಿ ಕಿಡ್ನಿ ಕೆಡುವುದು ನಿಧಾನವಾಯಿತು. 2020ರಲ್ಲಿ ಬ್ರಿಟನ್ನಿನದು 60 ದಾಟಿದವರ ಮೇಲೆ ಮಾಡಿದ್ದು, ಅದರಲ್ಲಿ ನಡೆದಾಟಕ್ಕಾಗಲಿ ಕಿಡ್ನಿಗಾಗಲಿ ಲಾಭ ಕಾಣಲಿಲ್ಲ. ಬೈಕಾರ್ಬನೇಟ್ 20-21 ಇದ್ದವರಿಗೆ ಕೊಡಬೇಕಾ ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. 16ಕ್ಕೆ ನಾನು ಕೊಡುತ್ತೇನೆ. ಮೇಲಾಗಿ ಪೊಟ್ಯಾಶಿಯಂ ಇಳಿಸಲೂ ಅದು ನೆರವಾಗುತ್ತದೆ.

ಈಗ ಇವರಲ್ಲಿ ಆಸಿಡ್ ಉಳಿದಿರುವುದರಲ್ಲಿ ನೆಫ್ರಾನ್ ಕಡಿಮೆಯಾದದ್ದರ ಪಾಲು ಎಷ್ಟು, ಆ ಉಪ್ಪಿನ ಪಾಲು ಎಷ್ಟು ಅಂತ ಇಲ್ಲಿ ಕೂತು ಹೇಳಲಾರೆ. ಪೊಟ್ಯಾಶಿಯಂ 5ರ ಒಳಗೆ ಬಂದ ಮೇಲೆ ಬೈಕಾರ್ಬನೇಟ್ ಇನ್ನೊಮ್ಮೆ ಮಾಡಿಸಿ. ಮೂರೇ ಮಾತ್ರೆಯಲ್ಲಿ 20 ದಾಟಿದರೆ ಉಪ್ಪಿನದು ದೊಡ್ಡ ಪಾಲು ಇರಬಹುದು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ತೂಕ, ಬಿಪಿ ಬರೆದಿಡಿ. ಮಾತ್ರೆಯ ಸೋಡಿಯಂನಿಂದ ನೀರು ನಿಂತರೆ ಮೊದಲು ತಿಳಿಯುವುದು ತೂಕದಲ್ಲೇ.

ಮುಧೋಳದವರು:
ಪೊಟ್ಟಣ ನೋಡಿದೆ ಮೇಡಂ. ಪೊಟ್ಯಾಶಿಯಂ ಕ್ಲೋರೈಡ್ ಅಂತ ಬರೆದಿದೆ. ನಾಳೆ ಬೆಳಿಗ್ಗೆ ಇಸಿಜಿ ಮಾಡಿಸಿ, ಪೊಟ್ಯಾಶಿಯಂ ರಿಪೋರ್ಟ್ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.