ಪದಚರ್ಚೆ: ಫೆಸ್ಟ್ ರೀಕ್ಯಾಪ್ ಸ್ಲೈಡ್‌ಗಳಿಗೆ ಕನ್ನಡ ಬೇಕು, ಇವತ್ತು ರಾತ್ರಿಯೊಳಗೆ

ಹಾಸನದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಫೆಸ್ಟ್ ನಿನ್ನೆ ಮುಗಿಯಿತು. ಇನ್‌ಸ್ಟಾಗ್ರಾಮಿಗೆ ಎಂಟು ಸ್ಲೈಡಿನ ಕರೋಸೆಲ್ ಮಾಡುತ್ತಿದ್ದೇನೆ, ರಾತ್ರಿ ಹಾಕಲೇಬೇಕು. ಇಂಗ್ಲಿಷ್ ಬೇಡ, ಪೂರ್ತಿ ಕನ್ನಡದಲ್ಲೇ ಇರಲಿ ಅಂತ ತಂಡವನ್ನು ಒಪ್ಪಿಸಿದ್ದೇನೆ. ಈಗ ಹಾಕಿರುವ ತಲೆಬರಹ ಹೀಗಿವೆ: ರೀಕ್ಯಾಪ್‌ಗೆ ಸಿಂಹಾವಲೋಕನ, ಹೈಲೈಟ್ಸ್‌ಗೆ ಮುಖ್ಯಾಂಶಗಳು, ಅತಿಥಿಗಳ ಕೋಟ್‌ಗಳಿಗೆ ನುಡಿಮುತ್ತುಗಳು, ಮುಂದಿನ ಕಾರ್ಯಕ್ರಮದ ಟೀಸರ್‌ಗೆ ಮುನ್ಸೂಚನೆ. ಓದಿದರೆ ಯಾವುದೋ ಸರ್ಕಾರಿ ಸುತ್ತೋಲೆ ಇದ್ದ ಹಾಗಿದೆ. ದಯವಿಟ್ಟು ಬೇಗ ಹೇಳಿ.

ಕರಡು ತಿದ್ದುವವ:
ಸಿಂಹಾವಲೋಕನ ತೆಗೆಯಿರಿ. ವರ್ಷದ ಕೊನೆಗೆ ಪತ್ರಿಕೆಯವರು ಬಳಸುವ ಪದ ಅದು, ಎರಡು ದಿನದ ಫೆಸ್ಟಿಗೆ ಭಾರ. ಹಿನ್ನೋಟ ಸಾಕು. ಮುನ್ಸೂಚನೆ ಅಂದರೆ ಓದುವವರಿಗೆ ನೆನಪಾಗುವುದು ಹವಾಮಾನ ಇಲಾಖೆ. ಮುಖ್ಯಾಂಶಗಳು ಅಂದರೆ ರೇಡಿಯೊ ವಾರ್ತೆ, ಆದರೂ ಅರ್ಥ ಕೆಡುವುದಿಲ್ಲ, ಇರಲಿ. ನುಡಿಮುತ್ತು ಮಾತ್ರ ಬೇಡವೇ ಬೇಡ, ಅದು ಶಾಲೆಯ ಕರಿಹಲಗೆ ಮೇಲೆ ದಿನಾ ಬರೆಯುವ ಬುದ್ಧಿಮಾತು. ಹಾಗಂತ ಹೇಳಿಕೆ ಅಂತಲೂ ಹಾಕಬೇಡಿ, ರಾಜಕಾರಣಿ ಪತ್ರಿಕಾಗೋಷ್ಠಿ ಮಾಡಿದ ಹಾಗಾಗುತ್ತದೆ. ‘ವೇದಿಕೆಯ ಮಾತು’ ಅನ್ನಿ.

ಬಾಗಲಕೋಟೆ ಮೇಷ್ಟ್ರು:
ಇದಕ್ಕೆಲ್ಲ ವರದಿ ಅನ್ನೋ ಪದ ಇದೆಯಲ್ಲಮ್ಮ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೇ ವರದಿ ಬರೆಯುತ್ತಿದ್ದೆ, ಸ್ವಾಗತದಿಂದ ವಂದನಾರ್ಪಣೆವರೆಗೆ ಯಾರ ಹೆಸರೂ ಬಿಡುತ್ತಿರಲಿಲ್ಲ.

ಹಾಸನದ ಹುಡುಗಿ:
ಸರ್, ಇದು ಸಂಚಿಕೆಗಲ್ಲ. ಫೋಟೊ ಮೇಲೆ ಎರಡು ಪದ ಇರುತ್ತದೆ ಅಷ್ಟೆ, ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಾ ಹೋಗುತ್ತಾರೆ.

ಅಚ್ಚಗನ್ನಡಿಗ:
ಮುಖ್ಯಾಂಶ ‘ಇರಲಿ’ ಅಂದರೇನು? ಮುಖ್ಯವೂ ಸಂಸ್ಕೃತ, ಅಂಶವೂ ಸಂಸ್ಕೃತ. ಮೆಲುಕು ಅನ್ನಿ. ಮೆಲ್ಲು ಅಂದರೆ ಅಗಿ. ಹಸು ಮೇದದ್ದನ್ನು ಮತ್ತೆ ಬಾಯಿಗೆ ತಂದುಕೊಂಡು ಅಗಿಯುವುದೇ ಮೆಲುಕು, ನೋಡಿದ್ದನ್ನು ಮತ್ತೆ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕಾ? ಕರೋಸೆಲ್‌ಗೂ ನಮ್ಮದೇ ಪದ ಕಟ್ಟಬಹುದು: ಸರಿಸು, ಪಟ, ಸರಿಪಟ.

ಕರಡು ತಿದ್ದುವವ:
ಪಟ ಸಂಸ್ಕೃತ.

ಅಚ್ಚಗನ್ನಡಿಗ:
ಪಟ ಹಳ್ಳಿಯವರ ಬಾಯಲ್ಲೂ ಇದೆ, ಮಕ್ಕಳೂ ಗಾಳಿಪಟ ಅಂತಾರೆ. ಅದು ನಮ್ಮದಾಗಿದೆ.

ಕರಡು ತಿದ್ದುವವ:
ಅದೇ ಲೆಕ್ಕದಲ್ಲಿ ಮುಖ್ಯವೂ ನಮ್ಮದಾಗಿದೆ. ನಿಮಗೆ ಬೇಕಾದಾಗ ಒಂದು ಅಳತೆ, ಬೇಡವಾದಾಗ ಇನ್ನೊಂದು. ಜಾಸ್ತಿ, ಜಾಹೀರಾತು ಎರಡರ ಮೂಲವೂ ಅರಬ್ಬಿ, ಬಿಡುತ್ತೀರಾ? ಕರೋಸೆಲ್ ಕರೋಸೆಲ್ಲೇ ಇರಲಿ. ಅದು ಮಾಡುವವರ ಮಾತು, ಸ್ಲೈಡಿನ ಮೇಲೆ ಬರುವುದೇ ಇಲ್ಲ. ಮೆಲುಕು ಚೆನ್ನಾಗಿದೆ, ಆದರೆ ಅದು ರೀಕ್ಯಾಪ್‌ಗೆ ಹೊಂದುತ್ತದೆ. ಹೈಲೈಟ್ಸ್ ಅಂದರೆ ಆಯ್ಕೆ. ಎಲ್ಲವನ್ನೂ ಮೆಲುಕು ಹಾಕಬಹುದು, ಎಲ್ಲವೂ ಹೈಲೈಟ್ ಆಗಲ್ಲ.

ಅಕ್ಷರ ಜೋಡಣೆ:
ಬೇರು ಹುಡುಕುವುದು ಆಮೇಲೆ, ಪದ ಸ್ಲೈಡಿನಲ್ಲಿ ಕೂರುತ್ತದಾ ಅಂತ ಮೊದಲು ನೋಡಿ. ಅಳತೆ 1080ಕ್ಕೆ 1350 ಪಿಕ್ಸೆಲ್ ಇಟ್ಟಿದ್ದೀರಿ ಅಂದುಕೊಳ್ಳುತ್ತೇನೆ. 2025ರಿಂದ ಪ್ರೊಫೈಲ್ ಪುಟದಲ್ಲಿ ಚೌಕಗಳು ಮೂರಕ್ಕೆ ನಾಲ್ಕರ ಅಳತೆಗೆ ಬಂದಿವೆ, ಹಾಗಾಗಿ ಅಲ್ಲಿ ಮೊದಲ ಸ್ಲೈಡಿನ ಎಡಬಲ ಸುಮಾರು 34 ಪಿಕ್ಸೆಲ್ ಕತ್ತರಿಸಿಹೋಗುತ್ತದೆ. ಸಿಂಹಾವಲೋಕನವನ್ನು ಅಂಚಿಂದ ಅಂಚಿಗೆ ಎಳೆದಿದ್ದರೆ ಪಕ್ಕದ ಅಕ್ಷರಕ್ಕೆ ಪೆಟ್ಟು. ಹಿನ್ನೋಟ ಮೂರೇ ಅಕ್ಷರ, ದಪ್ಪಗೆ ನಡುವೆ ಕೂರುತ್ತದೆ.

ಇನ್ನೊಂದು ವಿಷಯ ಒತ್ತು. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. ಮುಖ್ಯಾಂಶಗಳು ಅಂತ ಬರೆದು ಕೆಳಗೇ ಇನ್ನೊಂದು ಸಾಲು ಹಾಕಿದರೆ, ಖ್ಯದ ಯ-ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ, ಫೋನಿನಲ್ಲಿ ತೆರೆದು ನೋಡಿ. ಒತ್ತಿನ ಬದಲು ಅರ್ಧಾಕ್ಷರ ಪಕ್ಕದಲ್ಲಿ ಬಿಡಿಯಾಗಿ ನಿಂತಿದ್ದರೆ ಫಾಂಟಿನದೋ ಸಾಫ್ಟ್‌ವೇರಿನದೋ ತೊಂದರೆ, ಪದ ಬದಲಿಸಿ ಪ್ರಯೋಜನವಿಲ್ಲ.

ಹಾಸನದ ಹುಡುಗಿ:
ನಿಜ ಸರ್, ಒತ್ತು ತಾಗುತ್ತಿತ್ತು, ಈಗ ಸರಿಯಾಯಿತು. ಇನ್ನೊಂದು ಅನುಮಾನ. ಅತಿಥಿ ಒಬ್ಬರು ‘ನೀವ್ ತಪ್ ಮಾಡ್ದೆ ಕಲಿಯೋಕಾಗಲ್ಲ’ ಅಂದರು. ಸ್ಲೈಡಿಗೆ ‘ತಪ್ಪು ಮಾಡದೆ ಕಲಿಯಲಾಗದು’ ಅಂತ ತಿದ್ದಬಹುದಾ?

ಕರಡು ತಿದ್ದುವವ:
ಉದ್ಧರಣ ಚಿಹ್ನೆ ಹಾಕುವುದಾದರೆ ಅವರ ಮಾತೇ ಇರಬೇಕು. ‘ನೀವು ತಪ್ಪು ಮಾಡದೆ ಕಲಿಯೋಕಾಗಲ್ಲ’ ಅಂತ ಅಕ್ಷರ ತುಂಬಿಸಿ, ಅಷ್ಟು ಸಾಕು. ‘ಕಲಿಯಲಾಗದು’ ಅಂದರೆ ಅದು ನಿಮ್ಮ ವಾಕ್ಯವಾಯಿತು, ಅವರ ದನಿ ಹೋಯಿತು. ಹಾಕುವ ಮುಂಚೆ ಅವರಿಗೊಮ್ಮೆ ಕಳಿಸಿ ಒಪ್ಪಿಗೆ ತಗೊಳ್ಳಿ.

ಬಾಗಲಕೋಟೆ ಮೇಷ್ಟ್ರು:
ನಮ್ಮ ಕಡೆ ಅತಿಥಿ ಮಾತಾಡಿದ್ದರೆ ‘ಕಲಿಯಾಕ ಆಗಂಗಿಲ್ಲ’ ಅಂತಿದ್ದರು. ಅದನ್ನೂ ಹಾಗೇ ಹಾಕಬೇಕು, ಮೈಸೂರಿನ ಮಾತು ಮಾಡಬಾರದು.

ಕರಡು ತಿದ್ದುವವ:
ಖಂಡಿತ ಹಾಗೇ ಹಾಕಬೇಕು ಮೇಷ್ಟ್ರೇ.

ಹಾಸನದ ಹುಡುಗಿ:
ಸರಿ. ಮೊದಲ ಸ್ಲೈಡಿಗೆ ಹಿನ್ನೋಟ, ಮಾತುಗಳಿಗೆ ವೇದಿಕೆಯ ಮಾತು, ಹೈಲೈಟ್ಸ್‌ಗೆ ಸದ್ಯಕ್ಕೆ ಮುಖ್ಯಾಂಶಗಳು. ಟೀಸರ್ ಉಳಿಯಿತು. ಮುನ್ನೋಟ ಹಾಕಲಾ?

ಅಚ್ಚಗನ್ನಡಿಗ:
ಹಾಕಿ. ಹಿನ್ನೋಟ, ಮುನ್ನೋಟ, ಜೋಡಿ ಸರಿಯಾಗಿದೆ. ಮುಖ್ಯಾಂಶವನ್ನು ನಾನು ಒಪ್ಪಿಲ್ಲ.

ಕರಡು ತಿದ್ದುವವ:
ಜೋಡಿ ಚೆನ್ನಾಗಿದೆ ಅಂತ ಪದ ಹಾಕಬಾರದು. ಮುನ್ನೋಟ ಅಂದಮೇಲೆ ನೋಡಲು ಏನಾದರೂ ಇರಬೇಕು, ವಿಷಯವೋ ಅತಿಥಿಯ ಹೆಸರೋ. ನಿಮ್ಮ ಹತ್ತಿರ ಏನಿದೆ?

ಹಾಸನದ ಹುಡುಗಿ:
ತಿಂಗಳು ಮಾತ್ರ ಗೊತ್ತು. ಪ್ರಿನ್ಸಿಪಾಲರು ದಿನಾಂಕ ಇನ್ನೂ ಹೇಳಿಲ್ಲ.

ಕರಡು ತಿದ್ದುವವ:
ಹಾಗಾದರೆ ತಲೆಬರಹವೇ ಬೇಡ. ‘ಮತ್ತೆ ಸೇರೋಣ’ ಅಂತ ಬರೆದು ತಿಂಗಳ ಹೆಸರು ಹಾಕಿ.

ಅಚ್ಚಗನ್ನಡಿಗ:
ಮುನ್ನೋಟವೇ ಸರಿ.